ಶಬ್ದ ಕೇಳಿಯೇ ಬೈಕಿನ ವೇಗ ಹಿಡಿದೆ

ರಸ್ತೆ ಬದಿ ನಿಂತು, ಹಾದುಹೋಗುವ ಬೈಕಿನ ವೇಗವನ್ನು ಬರೀ ಶಬ್ದದಿಂದ ಹೇಳ್ತೀನಿ ಅಂದಾಗ ತುಮಕೂರಿನಲ್ಲಿ ನನ್ನ ಜೊತೆ ಫಿಸಿಕ್ಸ್ ಪಾಠ ಮಾಡುವವರು ಯಾರೂ ನಂಬಲಿಲ್ಲ. "ಡಾಪ್ಲರ್ ಎಲ್ಲಾ ಪುಸ್ತಕದಲ್ಲಿ ಸರಿ ಸಾರ್, ರೋಡಲ್ಲಿ ಆಗಲ್ಲ" ಅಂದರು. ಅದೇ ಶಬ್ದ ನಮ್ಮ ಕಡೆ ಬರುವಾಗ ಮೇಲಿನ ಸ್ವರದಲ್ಲಿ, ದೂರ ಹೋಗುವಾಗ ಕೆಳಗಿನ ಸ್ವರದಲ್ಲಿ ಕೇಳುವುದೇ ಡಾಪ್ಲರ್. ಈಗ ಅವರೇ ಲೆಕ್ಕ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಶುರು ಮಾಡಿದ್ದು ಕ್ಯಾತ್ಸಂದ್ರದ ಹತ್ತಿರ, ರೈಲಿನ ಹಾರ್ನ್ ಇಟ್ಟುಕೊಂಡು. ಕೈಗೆ ಹತ್ತಲಿಲ್ಲ. ಹಾರ್ನಿನಲ್ಲಿ ಒಂದೇ ಸ್ವರ ಇರಲ್ಲ, ಜೊತೆಗೆ ಇಂಜಿನ್ ನಮ್ಮ ಮುಂದೆ ಬರುವಷ್ಟರಲ್ಲಿ ಹಾರ್ನ್ ನಿಂತೇ ಹೋಗಿರುತ್ತದೆ. ಬರುವಾಗಿನದು ಸಿಕ್ಕಿತು, ಹೋಗುವಾಗಿನದು ಇಲ್ಲ ಅಂದರೆ ಏನು ಪ್ರಯೋಜನ? ಆಂಬುಲೆನ್ಸ್ ಸೈರನ್ ಇನ್ನೂ ಕಷ್ಟ, ಅದರ ಸ್ವರ ತಾನಾಗಿಯೇ ಏರಿಳಿಯುತ್ತಿರುತ್ತದೆ. ಕೊನೆಗೆ ಒಂಬೈನೂರು ರೂಪಾಯಿ ಆಸುಪಾಸಿನ ಬ್ಲೂಟೂತ್ ಸ್ಪೀಕರ್ ತಗೊಂಡು, ಟೋನ್ ಜನರೇಟರ್ ಆ್ಯಪಿನಲ್ಲಿ 2000 ಹರ್ಟ್ಜ್ ಹಾಕಿ, ತಮ್ಮನ ಬೈಕಿಗೆ ಕಟ್ಟಿದೆ. ಮೊದಲು 500 ಹಾಕಿದ್ದೆವು. ಗಾಳಿ, ಇಂಜಿನ್ ಗದ್ದಲವೆಲ್ಲ ಆ ಕೆಳಗಿನ ಭಾಗದಲ್ಲೇ ಜಾಸ್ತಿ, ಸ್ವರ ಮುಳುಗಿಹೋಯಿತು. ಮೈಕಿಗೆ ಅಂತ ಕೊಟ್ಟ ಸಾವಿರದ ಚಿಲ್ಲರೆಯೂ ದಂಡ, ಫೋನಿನ ಮೈಕೇ ಸಾಕು. ಸ್ಪೀಕರನ್ನು ಹಿಂದಕ್ಕೂ ಮುಂದಕ್ಕೂ ಒಂದೇ ಸಮ ಕೇಳುವ ಹಾಗೆ ಹೇಗೆ ಕಟ್ಟಿದೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಊರಾಚೆ ಖಾಲಿ ಲೇಔಟಿನ ನೇರ ರಸ್ತೆ. ನಾನು ಅಂಚಿನಿಂದ ಎರಡು ಮೀಟರ್ ಒಳಗೆ. ಸ್ಪೀಡೋಮೀಟರಿನಲ್ಲಿ 40 ತೋರಿಸುವ ಹಾಗೆ ಹೋಗು ಅಂತ ತಮ್ಮನಿಗೆ ಅಂದೆ. ರೆಕಾರ್ಡಿಂಗನ್ನು ಅಡಾಸಿಟಿ ಅನ್ನೋ ಸಾಫ್ಟ್‌ವೇರಿನಲ್ಲಿ ತೆರೆದು, ಬೈಕ್ ನನ್ನನ್ನು ದಾಟುವ ಎರಡು ಸೆಕೆಂಡ್ ಮೊದಲಿನ ಅರ್ಧ ಸೆಕೆಂಡ್ ತುಂಡು, ದಾಟಿದ ಎರಡು ಸೆಕೆಂಡ್ ಆದ ಮೇಲಿನ ಅರ್ಧ ಸೆಕೆಂಡ್ ತುಂಡು ಆರಿಸಿ, ಯಾವ ಫ್ರೀಕ್ವೆನ್ಸಿ ಎಷ್ಟು ಜೋರಿದೆ ಅಂತ ಗೆರೆ ಎಳೆದು ತೋರಿಸುವ Plot Spectrum ಕೊಟ್ಟೆ. Size ಅನ್ನು 16384 ಮಾಡಲೇಬೇಕು. ಚಿಕ್ಕದಿದ್ದರೆ ಹತ್ತು ಹರ್ಟ್ಜ್ ವ್ಯತ್ಯಾಸವೂ ಕಾಣಲ್ಲ, ಶಿಖರ ದಪ್ಪಗೆ ಹರಡಿಕೊಂಡಿರುತ್ತದೆ. ಬರುವಾಗ ಸುಮಾರು 2061, ಹೋಗುವಾಗ 1942.

ಈಗ ಲೆಕ್ಕ. ಅವತ್ತಿನ 27 ಡಿಗ್ರಿ ಬಿಸಿಲಿಗೆ ಶಬ್ದದ ವೇಗ ಸುಮಾರು 347 ಮೀಟರ್. ಒಂದು ಸೆಕೆಂಡಿನಲ್ಲಿ ಸ್ಪೀಕರ್ 2000 ಅಲೆ ಬಿಡುತ್ತದೆ. ಮೊದಲನೇ ಅಲೆ 347 ಮೀಟರ್ ಮುಂದೆ ಹೋಗಿರುತ್ತದೆ, ಅಷ್ಟರಲ್ಲಿ ಬೈಕ್ ತಾನೂ, ಕೊನೆಗೆ ಬರುವ ಉತ್ತರದ ಪ್ರಕಾರ, 10.3 ಮೀಟರ್ ಅದರ ಹಿಂದೆಯೇ ಓಡಿರುತ್ತದೆ. ಹಾಗಾಗಿ ಆ 2000 ಅಲೆ 336.7 ಮೀಟರಿನೊಳಗೆ ಒತ್ತಾಗಿ ಕೂರಬೇಕು. ಬೈಕಿನ ಹಿಂದೆ ಅವೇ ಅಲೆಗಳಿಗೆ 357.3 ಮೀಟರ್ ಜಾಗ. ಗಾಳಿಯಲ್ಲಿ ಶಬ್ದದ ವೇಗ ಮಾತ್ರ ಎರಡೂ ಕಡೆ ಅದೇ. ಒತ್ತಾದ ಅಲೆಗಳು ಕಿವಿಗೆ ಬೇಗ ಬೇಗ ಬಂದು ಬಡಿಯುತ್ತವೆ, ಅದೇ ಹೆಚ್ಚಿದ ಫ್ರೀಕ್ವೆನ್ಸಿ. ಪ್ಲಸ್ಸೋ ಮೈನಸ್ಸೋ ಅಂತ ಬಾಯಿಪಾಠ ಬೇಡ. ಅಲೆಗೆ ಜಾಗ ಕಮ್ಮಿಯಾಯಿತಾ, ಜಾಸ್ತಿಯಾಯಿತಾ ಅಂತ ಕೇಳಿಕೊಂಡರೆ ಛೇದದ ಚಿಹ್ನೆ ತಾನೇ ಬರುತ್ತದೆ. ಕೆಳಗೆ f ಸ್ಪೀಕರಿನ ಫ್ರೀಕ್ವೆನ್ಸಿ, f1 ಬರುವಾಗ ಕೇಳಿದ್ದು, f2 ಹೋಗುವಾಗ ಕೇಳಿದ್ದು, v ಶಬ್ದದ ವೇಗ, vs ಬೈಕಿನ ವೇಗ.

```
f1 = f·v/(v − vs)
f2 = f·v/(v + vs)
vs = v·(f1 − f2)/(f1 + f2)
```

ಮೊದಲೆರಡನ್ನು ಒಂದರಿಂದೊಂದು ಭಾಗಿಸಿದರೆ f ಹೊರಟೇ ಹೋಗುತ್ತದೆ. ಅಂದರೆ ಸ್ಪೀಕರ್ ನಿಜಕ್ಕೂ 2000 ಕೊಡುತ್ತಿದೆಯಾ ಅಂತ ಗೊತ್ತಿರಲೇಬೇಕಿಲ್ಲ! ಅಗ್ಗದ ಸ್ಪೀಕರಿನಲ್ಲಿ ಕೆಲಸ ಆಗಿದ್ದು ಇದರಿಂದಲೇ. ವ್ಯತ್ಯಾಸ 119, ಮೊತ್ತ 4003, ಗುಣಿಸು 347. ಉತ್ತರ 10.3, ಗಂಟೆಗೆ 37 ಕಿಲೋಮೀಟರ್.

"ಮೀಟರ್ 40 ಅಂತಲ್ವಾ?" ಅಂದರು. ಟೇಪಿನಲ್ಲಿ ನೂರು ಮೀಟರ್ ಅಳೆದು ಸ್ಟಾಪ್‌ವಾಚ್ ಹಿಡಿದೆವು. ಹತ್ತು ಸೆಕೆಂಡಿಗೆ ಸ್ವಲ್ಪ ಕಮ್ಮಿ ಬಂತು. ನಮ್ಮ ಲೆಕ್ಕವೇ ಸರಿ, ಸ್ಪೀಡೋಮೀಟರ್ ಸ್ವಲ್ಪ ಜಾಸ್ತಿ ತೋರಿಸುತ್ತಿತ್ತು.

ಇನ್ನೊಂದು. ಬೈಕ್ ಹತ್ತಿರ ಬರುತ್ತಾ ಬರುತ್ತಾ ಸ್ವರ ಏರುತ್ತದೆ ಅಂತ ಮಕ್ಕಳು ಬರೆಯುತ್ತಾರೆ, ಕೆಲವು ಮೇಷ್ಟ್ರುಗಳೂ ಹಾಗೇ ಹೇಳುತ್ತಾರೆ. ಏರುವುದು ಜೋರು, ಸ್ವರ ಅಲ್ಲ. ಹೊತ್ತು ಹೋದ ಹಾಗೆ ಫ್ರೀಕ್ವೆನ್ಸಿ ಹೇಗೆ ಬದಲಾಯಿತು ಅಂತ ತೋರಿಸುವ ಸ್ಪೆಕ್ಟ್ರೋಗ್ರಾಮ್ ನೋಡಿ: ದೂರದಲ್ಲಿ ಗೆರೆ 2061ರಲ್ಲೇ ಹೆಚ್ಚುಕಮ್ಮಿ ಮಟ್ಟಸ, ಪಕ್ಕಕ್ಕೆ ಬಂದಾಗ ದಢಕ್ಕನೆ ಇಳಿತ, ಆಮೇಲೆ ಮತ್ತೆ ಮಟ್ಟಸ. ನಾನು ರಸ್ತೆಯಿಂದ ಮೂವತ್ತು ಮೀಟರ್ ಒಳಗೆ ಹೋಗಿ ನಿಂತೆ, ಅದೇ ಇಳಿತ ನಿಧಾನವಾಗಿ ಜಾರಿತು. ಕೆಲಸ ಮಾಡುವುದು ಬೈಕಿನ ಪೂರ್ತಿ ವೇಗ ಅಲ್ಲ, ನಮ್ಮ ಕಡೆಗಿರುವ ಅಂಶ ಮಾತ್ರ, vs·cos θ. ಆ ಶಬ್ದ ಹೊರಟಾಗ ಬೈಕಿನಿಂದ ನಮಗೆ ಎಳೆದ ಗೆರೆ ರಸ್ತೆಗೆ 60 ಡಿಗ್ರಿ ಇದ್ದರೆ ಅರ್ಧ ವೇಗವೇ ಲೆಕ್ಕಕ್ಕೆ ಬರುವುದು. ನಿಮ್ಮ ಉತ್ತರ ಸ್ಟಾಪ್‌ವಾಚಿಗಿಂತ ತುಂಬಾ ಕಮ್ಮಿ ಬಂದರೆ ತುಂಡನ್ನು ದಾಟುವ ಕ್ಷಣಕ್ಕೆ ತೀರಾ ಹತ್ತಿರ ಕತ್ತರಿಸಿದ್ದೀರಿ ಅಂತ ಅರ್ಥ, ಎರಡೂ ಕಡೆ ಇನ್ನೊಂದು ಸೆಕೆಂಡ್ ಆಚೆಗೆ ಹೋಗಿ.