ಚೀನೀ ಲಿಪಿಯ ಸ್ಮಾರ್ಟ್‌ವಾಚ್‌ ಅನ್ನು ಹೊಂದಿಸುವಾಗ

ಬಂಧುವೊಬ್ಬರು ಚೀನಾದಿಂದ ತಂದುಕೊಟ್ಟ ವಾಚ್‌ನಲ್ಲಿಯೂ ಅದರ ಆ್ಯಪ್‌ನಲ್ಲಿಯೂ ಚೀನೀ ಅಕ್ಷರಗಳೇ ಇದ್ದುದರಿಂದ, ನಮ್ಮ ತಂದೆಯವರಿಗೆ ಅದನ್ನು ಹೊಂದಿಸಿಕೊಡುವಾಗ ನಾನು ಕಂಡುಕೊಂಡ ಕ್ರಮವನ್ನು ಇಲ್ಲಿ ತಿಳಿಸುತ್ತಿದ್ದೇನೆ.

ವಾಚ್‌ ಅನ್ನು ಜೋಡಿಸುವ ಮೊದಲೇ ಫೋನಿನ ಭಾಷೆಯನ್ನು ಇಂಗ್ಲಿಷ್‌ಗೆ ಬದಲಿಸಿರಿ. ಅನೇಕ ವಾಚ್‌ಗಳು ಜೋಡಣೆಯ ವೇಳೆ ಫೋನಿನ ಭಾಷೆಯನ್ನೇ ತೆಗೆದುಕೊಳ್ಳುತ್ತವೆ. ಆ್ಯಪ್ ಮಾತ್ರ ಬದಲಾಗದಿದ್ದರೆ, ಆಂಡ್ರಾಯ್ಡ್ 13 ಅಥವಾ ನಂತರದ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ಗೆ ಪ್ರತ್ಯೇಕ ಭಾಷೆಯನ್ನು ಆರಿಸುವ ಅವಕಾಶವಿದೆಯೇ ಎಂದು ನೋಡಬಹುದು. ಎಲ್ಲ ಆ್ಯಪ್‌ಗಳಿಗೂ ಅದು ಸಿಗುವುದಿಲ್ಲ.

ವಾಚ್‌ನ ಪರದೆಯನ್ನು ಓದಲು ಇನ್ನೊಂದು ಫೋನಿನಲ್ಲಿ ಗೂಗಲ್ ಟ್ರಾನ್ಸ್‌ಲೇಟ್‌ನ ಕ್ಯಾಮೆರಾವನ್ನು ತೆರೆದು ಹಿಡಿಯಿರಿ. ಪರದೆ ಬೇಗ ಆರಿಹೋಗುವುದರಿಂದ, ಮೊದಲು ಫೋಟೊ ತೆಗೆದು ಅದನ್ನು ಅನುವಾದಿಸುವುದು ಹೆಚ್ಚು ಅನುಕೂಲಕರವೆಂಬುದು ನನ್ನ ಅನುಭವ. ಹಲ್ಲಿನ ಚಕ್ರದ ಚಿತ್ರವಿರುವ 设置 ಎಂಬುದು ಸೆಟ್ಟಿಂಗ್ಸ್; ಅದರೊಳಗೆ 语言 ಎಂದಿದ್ದರೆ ಅದೇ ಭಾಷೆಯ ಆಯ್ಕೆ, ಅಲ್ಲಿ English ಎಂಬುದು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿಯೇ ಇರುತ್ತದೆ. 恢复出厂设置 ಎಂಬುದನ್ನು ಮಾತ್ರ ಒತ್ತಬೇಡಿ. ಅದು ವಾಚ್‌ನಲ್ಲಿರುವುದನ್ನೆಲ್ಲ ಅಳಿಸಿ ಕಾರ್ಖಾನೆಯ ಸ್ಥಿತಿಗೆ ಮರಳಿಸುತ್ತದೆ. ತಪ್ಪಿ ಅಲ್ಲಿಗೆ ಹೋದರೆ ಹಿಂತಿರುಗಲು 取消 ಅನ್ನು ಒತ್ತಿರಿ. 确定 ಎಂದರೆ ಒಪ್ಪಿಗೆ.

语言 ಎಲ್ಲಿಯೂ ಸಿಗದೆ, ಜೋಡಣೆಯ ನಂತರವೂ ಅಕ್ಷರಗಳು ಬದಲಾಗದಿದ್ದರೆ, ಆ ವಾಚ್‌ನ ತಂತ್ರಾಂಶದಲ್ಲಿ ಬೇರೆ ಭಾಷೆಯೇ ಇಲ್ಲದಿರಬಹುದು. ಆಗ ಮುಖ್ಯ ಪರದೆಗಳ ಅನುವಾದಿತ ಫೋಟೊಗಳನ್ನು ಫೋನಿನಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ. ಕನ್ನಡದ ಸಂದೇಶಗಳು ಚೌಕಗಳಾಗಿ ಕಂಡರೆ, ಅದಕ್ಕೆ ವಾಚ್‌ನಲ್ಲಿ ಕನ್ನಡದ ಅಕ್ಷರಶೈಲಿ ಇಲ್ಲದಿರುವುದೇ ಕಾರಣ.