ಐಪಿ ಬಂದ್ ಮಾಡಿದ್ರೂ ಸೈಟ್ ಯಾಕ ಖುಲ್ಲಾ ಇರ್ತದ?

ನಮ್ಮ ಅಳಿಯ ಕಲಬುರಗಿ ಸೇಡಂ ರೋಡಿನ್ಯಾಗ ಸ್ಟಡಿ ಸೆಂಟರ್ ನಡೆಸ್ತಾನ, ಹದಿನೆಂಟು ಕಂಪ್ಯೂಟರ್ ಅವ. ಓದ್ಲಿಕ್ಕಂತ ಬಂದ ಹುಡುಗರು ಒಂದು ಗೇಮ್ ಸೈಟ್ ಹಚ್ಚಿ ಕೂಡ್ತಿದ್ರು, ಅದಕ್ಕ ಇವ ಆ ಸೈಟಿನ ಐಪಿ ಹುಡುಕಿ ರೂಟರ್‌ದಾಗ ಬ್ಲಾಕ್ ಹಾಕ್ದ. ಊಟ ಮಾಡಿ ಬರೂದ್ರಾಗ ಮತ್ತ ಆಟ ಚಾಲೂ. "ಮಾವಾ, ರೂಟರ್ ಕೆಟ್ಟದ, ಹೊಸಾದು ತರ್ಲೇನು?" ಅಂತ ಫೋನ್ ಮಾಡ್ದ. ರೂಟರ್ ಛಲೋನೇ ಅದ, ನೀ ಬಂದ್ ಮಾಡಿದ್ದು ಆ ಸೈಟಲ್ಲ ಅಂದೆ.

ಹಿಂಗ ಮಾಡೋರನ್ನ ನಾ ಭಾಳ ಮಂದಿ ನೋಡೀನಿ, ಅದಕ್ಕ ಸಾವಕಾಶ ಹೇಳ್ತೀನಿ.

ಮೊದಲು ಆ ವಿಳಾಸ ಯಾರ್ದು ನೋಡ್ರಿ. ಕಮಾಂಡ್ ಪ್ರಾಂಪ್ಟ್ ತೆಗೆದು ಇದನ್ನ ಹೊಡೀರಿ (ಹೆಸರು ಸುಳ್ಳಿಂದು, ನಿಮ್ಮ ಸೈಟಿಂದು ಹಾಕ್ರಿ):

```
nslookup game.example
```

ಅಳಿಯನ ಕಡೆ 104.21ರಿಂದ ಶುರುವಾಗೋದು ಒಂದು, 172.67ರಿಂದ ಶುರುವಾಗೋದು ಇನ್ನೊಂದು, ಜೊತಿಗೆ 2606:4700 ಅನ್ನೋ ಉದ್ದಂದು ಐಪಿವಿ6 ವಿಳಾಸ ಬಂತು. ಇವು ಗೇಮ್ ಸೈಟಿನವಲ್ಲ, ಕ್ಲೌಡ್‌ಫ್ಲೇರ್ ಅನ್ನೋ ಸಿಡಿಎನ್ ಕಂಪನಿವು. ಸೈಟಿನ ಅಸಲಿ ಸರ್ವರ್ ಹಿಂದ ಎಲ್ಲೋ ಇರ್ತದ, ಮುಂದ ನಿಂತಿರೋದು ಇವರು. ಇವ ಬಂದ್ ಮಾಡಿದ್ದು ಮೊದಲನೇದು ಅಷ್ಟೇ, ಬ್ರೌಸರ್ ಅದು ಸಿಗಲಿಲ್ಲಂತ ಎರಡನೇದಕ್ಕ ಹೋಯ್ತು.

ಈಗ ಖರೇ ತಲಿ ಕೆಡಿಸೋ ಭಾಗ. ಒಂದು ಕಾಂಪ್ಲೆಕ್ಸ್ ಅದ ಅಂತ ತಿಳ್ಕೋರಿ, ಒಳಗ ನೂರಾರು ಅಂಗಡಿ, ಬಾಗಿಲು ನಾಕೈದೇ. ಬಾಗಿಲದಾಗ ಕೂತವ ನೀವು ಹೇಳಿದ ಅಂಗಡಿ ಹೆಸರು ಕೇಳಿ ಆ ಕಡಿ ಕಳಸ್ತಾನ. ಸಿಡಿಎನ್ ಐಪಿ ಆ ಬಾಗಿಲು ಇದ್ದಂಗ. ಬ್ರೌಸರ್ ಕನೆಕ್ಷನ್ ಶುರು ಮಾಡುವಾಗ್ಲೇ "ನನಗ ಇಂಥಾ ಸೈಟ್ ಬೇಕು" ಅಂತ ಹೆಸರು ಹೇಳ್ತದ, ಅದಕ್ಕ ಎಸ್‌ಎನ್‌ಐ ಅಂತಾರ, ಆ ಹೆಸರಿನ ಮ್ಯಾಲೆ ಸಿಡಿಎನ್ ಪೇಜ್ ಕೊಡ್ತದ. ನಂಬಿಕಿ ಇಲ್ಲಂದ್ರ ಆ ಐಪಿನ್ನ ಸೀದಾ ಬ್ರೌಸರ್‌ದಾಗ ಹಾಕಿ ನೋಡ್ರಿ, ಗೇಮ್ ಬರಲ್ಲ, ಕ್ಲೌಡ್‌ಫ್ಲೇರಿನ 1003 ಅನ್ನೋ ಎರರ್ ಬರ್ತದ. ಹೆಸರಿಲ್ದೆ ಬಂದೀದಿ, ಯಾರು ಬೇಕು ಅಂತ ಅದರರ್ಥ. ಇನ್ನೊಂದು ಪರೀಕ್ಷೆ:

```
curl -I --resolve game.example:443:104.16.132.229 https://game.example
```

ಈ ಸೈಟಿಗೆ ಸಂಬಂಧನೇ ಇಲ್ದ ಕ್ಲೌಡ್‌ಫ್ಲೇರ್ ವಿಳಾಸ ಇದು, ಆದ್ರೂ ಬಹುತೇಕ ಗೇಮ್ ಸೈಟೇ ಉತ್ತರ ಕೊಡ್ತದ. ಅಂದ್ರ ಯಾವ ಬಾಗಿಲಿಂದ ಹೋದ್ರೂ ಅದೇ ಅಂಗಡಿ. ಎಷ್ಟಂತ ಬಂದ್ ಮಾಡ್ತೀರಿ?

ಅಳಿಯ ಹಟಮಾರಿ, ನನ್ನ ಮಾತು ಕೇಳದೇ `104.21.0.0/16` ಅಂತ 65,536 ವಿಳಾಸ ಒಮ್ಮೆಲೇ ಬಂದ್ ಮಾಡ್ದ. ಮರುದಿನ ಒಂದು ಹುಡುಗಿ "ಸರ್, ಮಾಕ್ ಟೆಸ್ಟ್ ಸೈಟ್ ತೆರೀತಿಲ್ರಿ" ಅಂತ ಬಂದ್ಳು, ಅದೂ ಅದೇ ಬಾಗಿಲಿನ ಹಿಂದ ಇತ್ತು. ಗೇಮ್ ಮಾತ್ರ 172.67 ಕಡಿಂದ ನಡದೇ ಇತ್ತು! ದೊಡ್ಡೋರೂ ಇದನ್ನೇ ಮಾಡ್ಯಾರ, 2022ರ ಆಗಸ್ಟ್‌ನ್ಯಾಗ ಆಸ್ಟ್ರಿಯಾದಾಗ ಕೋರ್ಟ್ ಆರ್ಡರ್ ಮ್ಯಾಲೆ ಇಂಟರ್ನೆಟ್ ಕಂಪನಿಗಳು ಕ್ಲೌಡ್‌ಫ್ಲೇರಿನ ಒಂದಷ್ಟು ಐಪಿ ಬಂದ್ ಮಾಡಿ, ಸಂಬಂಧ ಇಲ್ದ ಸಾವಿರಾರು ಸೈಟ್ ಆ ದೇಶದಾಗ ತೆರೀದಂಗಾಯ್ತು.

ಅದಕ್ಕ ಹೆಸರಿನ ಮ್ಯಾಲೆ ಬಂದ್ ಮಾಡ್ರಿ. ರೂಟರ್‌ದಾಗ ಸೈಟಿನ ಹೆಸರಿಗೆ ಐಪಿ ಹುಡುಕಿ ಕೊಡೋ ಡಿಎನ್‌ಎಸ್‌ಮಾಸ್ಕ್ ಅನ್ನೋ ಪ್ರೋಗ್ರಾಂ ಇದ್ರ ಅದರ ಕಾನ್ಫಿಗ್ ಫೈಲಿನ್ಯಾಗ ಒಂದೇ ಸಾಲು:

```
address=/game.example/
```

ಇದರಿಂದ ಆ ಹೆಸರು, ಅದರ ಸಬ್‌ಡೊಮೇನ್, ಐಪಿವಿ6 ಎಲ್ಲಾಕ್ಕೂ "ಅಂಥಾ ಹೆಸರೇ ಇಲ್ಲ" ಅಂತ ಉತ್ತರ ಹೋಗ್ತದ. "ಯುಆರ್‌ಎಲ್ ಫಿಲ್ಟರ್" ಅಂತ ಡಬ್ಬಿ ಮ್ಯಾಲೆ ಬರೆದ ಅಗ್ಗದ ರೂಟರ್ ನಂಬಬ್ಯಾಡ್ರಿ, ಅದರಾಗ ಭಾಳಷ್ಟು ಹಳೇ http ಸೈಟ್ ಅಷ್ಟೇ ನೋಡ್ತಾವ, https ಬಂದ್ರ ಕಣ್ಮುಚ್ಚಿ ಬಿಡ್ತಾವ.

ಇಲ್ಲೂ ಒಂದು ಕಳ್ಳ ಹಾದಿ ಅದ. ಬ್ರೌಸರ್‌ದಾಗ "ಸೆಕ್ಯೂರ್ ಡಿಎನ್‌ಎಸ್" ಆನ್ ಇದ್ರ ಅದು ನಿಮ್ಮ ರೂಟರ್‌ನ ಬಿಟ್ಟು ಹೊರಗಿನವರನ್ನ ಕೇಳಬಹುದು. ಸೆಂಟರಿನ ಪ್ರತಿ ಕಂಪ್ಯೂಟರ್‌ದಾಗ ಕ್ರೋಮ್ ಪಾಲಿಸಿಯೊಳಗ `DnsOverHttpsMode` ಅನ್ನೋದನ್ನ `off` ಮಾಡ್ರಿ, ಹುಡುಗರಿಗೆ ಅಡ್ಮಿನ್ ಪಾಸ್‌ವರ್ಡ್ ಕೊಡಬ್ಯಾಡ್ರಿ. ಮೊಬೈಲ್ ಡೇಟಾ, ವಿಪಿಎನ್ ಮುಂದ ಇದು ನಡಿಯಲ್ಲ ಅನ್ನೋದು ಗೊತ್ತಿರ್ಲಿ.

ಆಮೇಲೆ ಹಳೇ ಐಪಿ ಬ್ಲಾಕ್ ಎಲ್ಲಾ ತಗದು, `ipconfig /flushdns` ಹೊಡದು, ಬ್ರೌಸರ್ ಮುಚ್ಚಿ ತೆಗೀರಿ. ಅಳಿಯನ ಕಡೆ ಗೇಮ್ ನಿಂತ್ತು, ಆ ಹುಡುಗಿ ಮಾಕ್ ಟೆಸ್ಟ್ ಸೈಟ್ ತೆರೀತು.