ವಾಚಿನಲ್ಲಿ ನೋಡುವುದೆಷ್ಟು, ಕೇಳುವುದೆಷ್ಟು

ನನ್ನ ಎರಡೂ ಕಣ್ಣುಗಳಲ್ಲಿ ನಡುವಿನ ದೃಷ್ಟಿ ಹೋಗಿದೆ, ಅಂಚಿನದ್ದು ಉಳಿದಿದೆ. ಬದಿಯಡ್ಕದ ಹತ್ತಿರ ಕನ್ನಡ ಮಾಧ್ಯಮದ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಕೈಯಲ್ಲಿರುವುದು ಆಪಲ್ ವಾಚ್.

ಬರೀ ಟೈಮ್ ನೋಡಲು ಝೂಮ್ ಬೇಕಿಲ್ಲ. ಎಕ್ಸ್-ಲಾರ್ಜ್ ಎಂಬ ವಾಚ್ ಫೇಸ್ ಇಟ್ಟುಕೊಂಡರೆ ಅಂಕಿಗಳೇ ಪರದೆ ತುಂಬುತ್ತವೆ. ಝೂಮ್ ಬೇಕಾಗುವುದು ಟೈಮರ್, ಬ್ಯಾಟರಿ, ಯಾರ ಕಾಲ್ ಎಂಬಂಥ ಒಂದೆರಡು ಪದಗಳಿಗೆ. Settings > Accessibility > Zoom ಆನ್ ಮಾಡಿ ಎರಡು ಬೆರಳಲ್ಲಿ ಎರಡು ಸಲ ತಟ್ಟಿದರೆ ದೊಡ್ಡದಾಗುತ್ತದೆ. ಎರಡನೇ ಸಲ ತಟ್ಟುವಾಗ ಬೆರಳೆತ್ತದೆ ಮೇಲೆ ಕೆಳಗೆ ಎಳೆದರೆ ಎಷ್ಟು ದೊಡ್ಡದು ಬೇಕೋ ಅಷ್ಟಕ್ಕೆ ನಿಲ್ಲಿಸಬಹುದು.

ಮೂರು ಪಟ್ಟು ಮಾಡಿದರೆ ಪರದೆಯ ಒಂಬತ್ತರಲ್ಲೊಂದು ಪಾಲು ಮಾತ್ರ ಕಾಣುತ್ತದೆ, ಒಂದು ಸಾಲಿಗೇ ಮೂರು ನೋಟ. ಎರಡು ಬೆರಳಿನಿಂದ ಎಳೆಯುತ್ತಾ ಹೋದರೆ ಆ ಬೆರಳುಗಳೇ ಅಕ್ಷರವನ್ನು ಮುಚ್ಚುತ್ತವೆ. ಅದಕ್ಕೇ ನಾನು ಪಕ್ಕದ ಕ್ರೌನ್ ಎಂಬ ಗುಂಡಿ ತಿರುಗಿಸುವುದು. ಅದು ಎಡದಿಂದ ಬಲಕ್ಕೆ ಸಾಗಿ, ಸಾಲು ಮುಗಿದಾಗ ತಾನೇ ಕೆಳಗಿಳಿಯುತ್ತದೆ. ಆದರೆ ಝೂಮ್ ಇದ್ದಾಗ ಕ್ರೌನ್ ಪಟ್ಟಿಯನ್ನು ಸರಿಸುವುದಿಲ್ಲ. ಕೆಟ್ಟುಹೋಯಿತೆಂದು ಗಾಬರಿಯಾಗಬೇಕಿಲ್ಲ, ಎರಡು ಬೆರಳಲ್ಲಿ ಒಮ್ಮೆ ತಟ್ಟಿದರೆ ಅದು ಹಳೆಯ ಕೆಲಸಕ್ಕೆ ಮರಳುತ್ತದೆ.

ನಾಲ್ಕೈದು ಸಾಲಿನ ಮೆಸೇಜನ್ನು ಹೀಗೆ ಓದುವುದು ಹಿಂಸೆ. ಸಾಲಿನ ಕೊನೆಗೆ ಬರುವಷ್ಟರಲ್ಲಿ ಮೊದಲೇನಿತ್ತೆಂದು ಮರೆತಿರುತ್ತದೆ. ಅಂಥದ್ದಕ್ಕೆ ಪರದೆಯಲ್ಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ವಾಯ್ಸ್‌ಓವರ್. ಕ್ರೌನನ್ನು ಮೂರು ಸಲ ಒತ್ತಿದರೆ ಅದು ಬರುವಂತೆ Accessibility Shortcut ನಲ್ಲಿ ಇಟ್ಟಿದ್ದೇನೆ. ಆಮೇಲೆ ಒಂದು ತಟ್ಟಿಗೆ ಅದು ಓದುತ್ತದೆ, ತೆರೆಯಲು ಎರಡು ತಟ್ಟಬೇಕು. ಬೆರಳನ್ನು ಬಲಕ್ಕೆ ಜಾರಿಸಿದರೆ ಮುಂದಿನದು. ಒಂದೇ ತಟ್ಟಿಗೆ ಏನೂ ತೆರೆಯದೆ, ಮುಟ್ಟಿದ್ದರ ಸುತ್ತ ಒಂದು ಚೌಕ ಮೂಡಿದರೆ ವಾಯ್ಸ್‌ಓವರ್ ಆನ್ ಇದೆ ಎಂದರ್ಥ. ವಾಚ್ ಹ್ಯಾಂಗ್ ಆಗಿದೆ ಎಂದು ನನ್ನ ಹತ್ತಿರ ತರುವವರಲ್ಲಿ ಹೆಚ್ಚಿನವರ ತೊಂದರೆ ಇಷ್ಟೇ.

ಕುಂಬಳೆಯ ನನ್ನ ಗೆಳೆಯನ ಕತೆ ಉಲ್ಟಾ. ಅವನಿಗೆ ರೆಟಿನೈಟಿಸ್ ಪಿಗ್ಮೆಂಟೋಸಾ. ನಡುವೆ ಚೂರು ಕಾಣುತ್ತದೆ, ಸುತ್ತಲಿನದ್ದು ಇಲ್ಲ. ದೊಡ್ಡದು ಮಾಡಿದಷ್ಟೂ ಅಕ್ಷರ ಅವನ ನೋಟದ ಕಿಂಡಿಯಿಂದ ಹೊರಗೆ ಹೋಗುತ್ತದೆ. ನನ್ನ ಸೆಟ್ಟಿಂಗ್ ನೋಡಿ ಅವನು ಅದನ್ನೇ ಇಟ್ಟುಕೊಂಡ, ಸ್ವಲ್ಪ ಹೊತ್ತಿಗೆ, "ಮಾರಾಯಾ, ಅರ್ಧ ಅಂಕಿ ಮಾತ್ರ ಕಾಣ್ತದೆ" ಎಂದ. ಝೂಮ್ ತೆಗೆದು, ಕಪ್ಪು ಹಿನ್ನೆಲೆಯ ಸರಳ ಫೇಸ್, ಬೋಲ್ಡ್ ಅಕ್ಷರ ಹಾಕಿಕೊಟ್ಟೆ. ಉಳಿದದ್ದೆಲ್ಲ ವಾಯ್ಸ್‌ಓವರ್.

ಕಾಸರಗೋಡು-ಮಂಗಳೂರು ಬಸ್ಸಿನ ಗದ್ದಲದಲ್ಲಿ ಧ್ವನಿಯೂ ಕೇಳಿಸದು. ಅಲ್ಲಿಗೆ ವಾಚೇ ಮಣಿಕಟ್ಟಿಗೆ ತಟ್ಟಿ ಟೈಮ್ ಹೇಳುವ Taptic Time ಇದೆ, Settings > Clock ಒಳಗೆ. ಡಿಜಿಟ್ಸ್ ಆರಿಸಿದರೆ ಹತ್ತಕ್ಕೊಂದು ಉದ್ದ ತಟ್ಟು, ಬಿಡಿಗೊಂದು ಗಿಡ್ಡ ತಟ್ಟು. 11:23 ಆಗಿದ್ದರೆ ಗಂಟೆಗೆ ಒಂದು ಉದ್ದ, ಒಂದು ಗಿಡ್ಡ. ನಿಮಿಷಕ್ಕೆ ಎರಡು ಉದ್ದ, ಮೂರು ಗಿಡ್ಡ. ಎಣಿಸಲು ಬೇಜಾರಾದರೆ ಟರ್ಸ್ ಇಟ್ಟುಕೊಳ್ಳಬಹುದು, ಅದು ನಿಮಿಷಗಳನ್ನು ಕಾಲುಗಂಟೆ ಲೆಕ್ಕದಲ್ಲಷ್ಟೇ ಹೇಳುತ್ತದೆ. ಬಸ್ಸಿಗೆ ಅದು ಸಾಕು, ಪಿರಿಯಡ್ಡಿಗೆ ಸಾಲದು.